ನಿವೃತ್ತಿಯ ನಂತರ ಕಾರ್ಖಾನೆಗೊಂದು ಚಿಕ್ಕ ಪತ್ರ: ವಾರಕ್ಕೆರಡು ದಿನ ಹುಡುಗರಿಗೆ ಕಲಿಸುವ ಪ್ರಸ್ತಾಪ ಬರೆಯುವುದು ಹೇಗೆ?

ತುಮಕೂರು, ಕೋಲಾರ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. "ಮೂವತ್ತು ವರ್ಷ ಮೇಂಟೆನೆನ್ಸ್‌ನಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ವಸಂತನರಸಾಪುರದಲ್ಲಿ ಇಷ್ಟೊಂದು ಕಂಪನಿಗಳಿವೆ. ವಾರಕ್ಕೆ ಎರಡು ದಿನ ಹೋಗಿ ಹುಡುಗರಿಗೆ ಹೇಳಿಕೊಡೋಣ ಅಂತ ಬಯೋಡೇಟಾ ಕಳಿಸಿದೆ, ಯಾರೂ ಉತ್ತರ ಕೊಡಲಿಲ್ಲ. ಏನಂತ ಬರೆಯಬೇಕು?"

ಉತ್ತರ ಬಾರದಿರುವುದಕ್ಕೆ ಕಾರಣ ಸಾಮಾನ್ಯವಾಗಿ ನಿಮ್ಮ ವಯಸ್ಸಲ್ಲ. ಬಯೋಡೇಟಾ ಬಂದರೆ ಎಚ್‌ಆರ್ ವಿಭಾಗದವರು ಅದನ್ನು ಕೆಲಸ ಕೇಳಿದವರ ಕಡತಕ್ಕೆ ಸೇರಿಸುತ್ತಾರೆ. ಖಾಲಿ ಇರುವ ಹುದ್ದೆಗೆ ಜನ ಹುಡುಕುವುದು ಅವರ ಕೆಲಸ. "ವಾರಕ್ಕೆರಡು ಅರ್ಧ ದಿನ ಬಂದು ಕಲಿಸುವವರು" ಎಂಬ ಹುದ್ದೆ ಯಾವ ಕಂಪನಿಯಲ್ಲೂ ಇರುವುದಿಲ್ಲ. ಆದ್ದರಿಂದ ನೀವು ಕಳಿಸಬೇಕಾದದ್ದು ಅರ್ಜಿಯಲ್ಲ, ಪ್ರಸ್ತಾಪ. ಅದು ಓದಿದವರು ಮೇಲಿನವರನ್ನು ಕೇಳದೆ, ತಮ್ಮ ಅಧಿಕಾರದಲ್ಲೇ "ಆಯ್ತು, ಬನ್ನಿ" ಎನ್ನುವಷ್ಟು ಚಿಕ್ಕದಾಗಿರಬೇಕು.

ಇಲ್ಲಿ ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಸಿಎನ್‌ಸಿ ಯಂತ್ರಗಳ, ಅಂದರೆ ಕಂಪ್ಯೂಟರ್ ನಿಯಂತ್ರಣದ ಲೇತ್‌ಗಳ, ಮೇಂಟೆನೆನ್ಸ್ ನೋಡಿಕೊಂಡಿದ್ದ ನಿವೃತ್ತ ಫೋರ್‌ಮನ್ ಒಬ್ಬರು ಸುಮಾರು 120 ಜನರಿರುವ ವಾಹನ ಬಿಡಿಭಾಗಗಳ ಕಾರ್ಖಾನೆಗೆ ಬರೆಯುತ್ತಿದ್ದಾರೆ ಎಂದುಕೊಳ್ಳಿ. ನಿಮ್ಮ ವೃತ್ತಿ ಅಕೌಂಟ್ಸ್, ಗುಣಮಟ್ಟ ಪರೀಕ್ಷೆ, ಬಾಯ್ಲರ್ ಯಾವುದೇ ಇದ್ದರೂ ಕ್ರಮ ಇದೇ.

1. ಕೆಲಸವೋ, ಕಲಿಸುವುದೋ: ಒಂದನ್ನೇ ಆರಿಸಿ

ಅರೆಕಾಲಿಕ ಕೆಲಸ ಎಂದರೆ ಫಲಿತಾಂಶದ ಹೊಣೆ ನಿಮ್ಮದು. ವಾರಕ್ಕೊಮ್ಮೆ ಯಂತ್ರಗಳ ತಪಾಸಣಾ ಪಟ್ಟಿ ಮುಗಿಸುವುದು, ಅಳತೆ ಉಪಕರಣಗಳ ರಿಜಿಸ್ಟರ್ ನೋಡಿಕೊಳ್ಳುವುದು ಈ ಜಾತಿಗೆ ಸೇರಿದವು. ಕಲಿಸುವುದು ಎಂದರೆ ಕೈ ಹುಡುಗರದ್ದು, ಕಣ್ಣು ನಿಮ್ಮದು. ಎರಡಕ್ಕೂ ಸಂಬಳದ ಲೆಕ್ಕ ಬೇರೆ, ಕೇಳಬೇಕಾದ ಅಧಿಕಾರಿ ಬೇರೆ. ಒಂದೇ ಪತ್ರದಲ್ಲಿ ಎರಡನ್ನೂ ಬರೆದರೆ ಓದುವವರಿಗೆ "ಇವರಿಗೆ ಏನಾದರೊಂದು ಕೆಲಸ ಬೇಕು" ಎಂದಷ್ಟೇ ಕಾಣುತ್ತದೆ.

ಹೊರಗಿನಿಂದ ಹೋಗುವವರಿಗೆ ಕಲಿಸುವ ಪ್ರಸ್ತಾಪವೇ ಸುಲಭದ ಬಾಗಿಲು. 1961ರ ಅಪ್ರೆಂಟಿಸ್ ಕಾಯ್ದೆಯಡಿಯ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ, ಗುತ್ತಿಗೆಯವರೂ ಸೇರಿದ ಒಟ್ಟು ಸಿಬ್ಬಂದಿಯ ನೂರಕ್ಕೆ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಅಪ್ರೆಂಟಿಸ್ ಎಂದರೆ ಸ್ಟೈಪೆಂಡ್ ಪಡೆದು ಕೆಲಸ ಕಲಿಯುವವರು, ಹೆಚ್ಚಿನವರು ಐಟಿಐ ಮುಗಿಸಿದ ಹುಡುಗರು. ನಮ್ಮ ಉದಾಹರಣೆಯ 120 ಜನರ ಕಾರ್ಖಾನೆಯಲ್ಲಿ ಕನಿಷ್ಠ 3, ಗರಿಷ್ಠ 18 ಜನ ಇರಬಹುದು. ಅವರಿಗೆ ಕಲಿಸುವುದು ಕಂಪನಿಯ ಹೊಣೆ. ಆದರೆ ಉತ್ಪಾದನೆಯ ಒತ್ತಡದಲ್ಲಿರುವ ಸೂಪರ್‌ವೈಸರ್‌ಗೆ ಸಮಯ ಸಿಗುವುದಿಲ್ಲ, ಹುಡುಗರು ಯಂತ್ರಕ್ಕೆ ಪೀಸ್ ಹಾಕಿ ತೆಗೆಯುವುದರಲ್ಲೇ ವರ್ಷ ಕಳೆದುಬಿಡುತ್ತಾರೆ. ನಿಮ್ಮ ಪತ್ರ ಈ ಜಾಗಕ್ಕೆ ಹೋಗಿ ಕೂರಬೇಕು.

2. ನಿಮ್ಮ ಅನುಭವದಿಂದ ಒಂದು ತುಂಡು ಕತ್ತರಿಸಿ

ಎಲ್ಲರೂ ಎಡವುವುದು ಇಲ್ಲೇ. 34 ವರ್ಷದ ಅನುಭವವನ್ನು ಪೂರ್ತಿ ಕೊಡುತ್ತೇನೆ ಎಂದರೆ ಪಡೆಯುವವರಿಗೆ ಎಲ್ಲಿಂದ ಹಿಡಿಯಬೇಕೆಂದೇ ಗೊತ್ತಾಗುವುದಿಲ್ಲ. ಹನ್ನೆರಡು ವಾರದಲ್ಲಿ ಕಲಿಸಿ ಮುಗಿಸಬಹುದಾದ, ಮುಗಿದ ಮೇಲೆ ಕಣ್ಣಿಗೆ ಕಾಣುವ ಒಂದು ವಿಷಯ ಸಾಕು.

ಆ ತುಂಡನ್ನು ಹುಡುಕಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಕಾರ್ಖಾನೆಯವರು ಹೊರಗಿನವರನ್ನು ಕರೆಸಲು ಯಾವುದಕ್ಕೆ ಮತ್ತೆ ಮತ್ತೆ ಫೋನ್ ಮಾಡುತ್ತಾರೆ? ಸಿಎನ್‌ಸಿ ಲೇತ್ ನಿಂತಾಗ ಪರದೆಯ ಮೇಲೆ ಅಲಾರಂ, ಅಂದರೆ ದೋಷದ ಸಂಖ್ಯೆ ಮತ್ತು ಒಂದು ಸಾಲಿನ ಇಂಗ್ಲಿಷ್ ಸೂಚನೆ, ಬರುತ್ತದೆ. ಹುಡುಗ ಅದನ್ನು ನೋಡಿ ಸೂಪರ್‌ವೈಸರ್‌ನನ್ನು ಕರೆಯುತ್ತಾನೆ, ಅವರು ಯಂತ್ರ ಮಾರಿದ ಕಂಪನಿಯ ಸರ್ವೀಸ್ ಎಂಜಿನಿಯರ್‌ಗೆ ಫೋನ್ ಮಾಡುತ್ತಾರೆ, ಆತ ಬೆಂಗಳೂರಿನಿಂದ ಬರುವ ತನಕ ಯಂತ್ರ ಸುಮ್ಮನೆ ನಿಂತಿರುತ್ತದೆ. ಬಂದು ನೋಡಿದರೆ ಎಷ್ಟೋ ಸಲ ಕಾರಣ ಬಹಳ ಸಣ್ಣದು: ಜಾರುಪಟ್ಟಿಗಳಿಗೆ ಎಣ್ಣೆ ಕೊಡುವ ತೊಟ್ಟಿ ಖಾಲಿ, ಗಾಳಿಯ ಒತ್ತಡ ಕಡಿಮೆ, ಚಕ್‌ನ ಹೈಡ್ರಾಲಿಕ್ ಒತ್ತಡ ಇಳಿದಿದೆ, ಇಲ್ಲವೇ ಬ್ಯಾಟರಿ ಮುಗಿದಿದೆ. ಚಕ್ ಎಂದರೆ ಪೀಸ್ ಹಿಡಿಯುವ ದವಡೆಯ ಭಾಗ.

ಹಾಗಾದರೆ ಇವರ ತುಂಡು ಸಿದ್ಧವಾಯಿತು. "ಸರ್ವೀಸ್ ಎಂಜಿನಿಯರ್‌ಗೆ ಫೋನ್ ಮಾಡುವ ಮುನ್ನ ಹುಡುಗರೇ ನೋಡಬೇಕಾದ ನಾಲ್ಕು ಜಾಗ, ದಿನಾ ಬೆಳಗ್ಗೆ ಮಾಡಬೇಕಾದ ಹತ್ತು ನಿಮಿಷದ ತಪಾಸಣೆ." ಇದಕ್ಕಿಂತ ದೊಡ್ಡದನ್ನು ಮೊದಲ ಪತ್ರದಲ್ಲಿ ಬರೆಯಬೇಡಿ.

3. ನಿಮಗೆ ಕೆಲಸ ಗೊತ್ತು ಎಂದು ತೋರಿಸುವ ಒಂದೇ ವಾಕ್ಯ

ವರ್ಷಗಳ ಲೆಕ್ಕ, ಪ್ರಶಸ್ತಿ, ಪ್ರಮಾಣಪತ್ರಗಳಿಗಿಂತ ಕೆಲಸದೊಳಗಿನ ಒಂದು ಸೂಕ್ಷ್ಮ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ, ಏಕೆಂದರೆ ಅದನ್ನು ಓದುವ ಪ್ಲಾಂಟ್ ಹೆಡ್‌ಗೆ ಅದೇ ಪೆಟ್ಟು ಬಿದ್ದಿರುತ್ತದೆ.

ಬ್ಯಾಟರಿಯ ವಿಷಯವನ್ನೇ ತೆಗೆದುಕೊಳ್ಳಿ. ಯಂತ್ರದ ಅಕ್ಷಗಳು ಎಲ್ಲಿವೆ ಎಂಬುದನ್ನು ನೆನಪಿಡುವ ಎನ್‌ಕೋಡರ್‌ನ ಬ್ಯಾಟರಿಯನ್ನು ಯಂತ್ರಕ್ಕೆ ಪವರ್ ಇರುವಾಗಲೇ ಬದಲಿಸಬೇಕು. ಕರೆಂಟಿನ ಭಯಕ್ಕೆ ಮೇನ್ ಆಫ್ ಮಾಡಿ ಬದಲಿಸಿದರೆ ಯಂತ್ರ ತನ್ನ ಶೂನ್ಯ ಸ್ಥಾನವನ್ನೇ ಮರೆತುಬಿಡುತ್ತದೆ. ಆಮೇಲೆ ಅದನ್ನು ಮತ್ತೆ ಹೊಂದಿಸಲು ಹೊರಗಿನವರೇ ಬರಬೇಕು. ಜಾಗರೂಕ ಹುಡುಗನೇ ಮಾಡುವ ತಪ್ಪು ಇದು. ಬೇರೆಲ್ಲಾ ಕಡೆ "ಮೊದಲು ಮೇನ್ ಆಫ್ ಮಾಡು" ಎಂದು ಕಲಿಸಿರುತ್ತಾರಲ್ಲ! ಹಾಗಾಗಿ ಕಾರಣ ಹೇಳಿಕೊಡದೆ ಇದನ್ನು ಬರೀ ನಿಯಮವಾಗಿ ಕಲಿಸಲು ಬರುವುದಿಲ್ಲ, ಪ್ಯಾನೆಲ್ ತೆರೆದಾಗ ಕೈ ಎಲ್ಲಿಗೆ ಹೋಗಬಾರದು ಎಂಬುದನ್ನೂ ಜೊತೆಗೇ ಹೇಳಬೇಕು.

ಕೂಲಂಟ್ ಇನ್ನೊಂದು ಒಳ್ಳೆಯ ಉದಾಹರಣೆ. ಕೂಲಂಟ್ ಎಂದರೆ ಕತ್ತರಿಸುವ ಜಾಗವನ್ನು ತಂಪಾಗಿಡುವ, ನೀರಿನಲ್ಲಿ ಬೆರೆಸುವ ಹಾಲಿನ ಬಣ್ಣದ ಎಣ್ಣೆ. ಸಾಮಾನ್ಯ ಟರ್ನಿಂಗ್ ಕೆಲಸಕ್ಕೆ ಅದು ನೂರಕ್ಕೆ 5ರಿಂದ 8ರಷ್ಟಿರಬೇಕು. ಕಡಿಮೆಯಾದರೆ ಪೀಸ್‌ಗೆ ತುಕ್ಕು, ಹೆಚ್ಚಾದರೆ ನೊರೆ, ಕೈಗೆ ತುರಿಕೆ. ಅಳೆಯುವ ರಿಫ್ರಾಕ್ಟೋಮೀಟರ್, ಅಂದರೆ ಒಂದು ತೊಟ್ಟು ಹಾಕಿ ಬೆಳಕಿನಲ್ಲಿ ನೋಡುವ ಕೊಳವೆ, ತೋರಿಸುವ ಅಂಕಿಯನ್ನು ಹಾಗೆಯೇ ಬರೆದುಕೊಳ್ಳಬಾರದು. ಎಣ್ಣೆಯ ತಯಾರಕರು ಕೊಟ್ಟಿರುವ ಗುಣಕದಿಂದ ಗುಣಿಸಬೇಕು. ಹುಡುಗರು ಇದನ್ನೇ ಬಿಡುತ್ತಾರೆ.

ಇಂಥ ಎರಡು ಮೂರು ಸೂಕ್ಷ್ಮಗಳನ್ನು ಪಟ್ಟಿ ಮಾಡಿಕೊಂಡು ಪತ್ರಕ್ಕೆ ಒಂದನ್ನು ಮಾತ್ರ ತೆಗೆದುಕೊಳ್ಳಿ. ಮಿಕ್ಕಿದ್ದು ಭೇಟಿಯಾದಾಗ ಮಾತಿಗೆ ಬರುತ್ತದೆ. ಇನ್ನೊಂದು ಎಚ್ಚರಿಕೆ: ನಿಮ್ಮ ಹಳೆಯ ಕಂಪನಿಯ ಡ್ರಾಯಿಂಗ್, ಗ್ರಾಹಕರ ಹೆಸರು, ದರ ಯಾವುದೂ ಈ ವಾಕ್ಯದಲ್ಲಿ ಇಣುಕಬಾರದು. ಅಲ್ಲಿಯದನ್ನು ಇಲ್ಲಿ ಹೇಳುವವರು ನಾಳೆ ಇಲ್ಲಿಯದನ್ನು ಇನ್ನೊಂದು ಕಡೆ ಹೇಳುತ್ತಾರೆ ಎಂದೇ ಓದುವವರು ಲೆಕ್ಕ ಹಾಕುತ್ತಾರೆ.

4. ಯಾರಿಗೆ, ಯಾವಾಗ

ಇನ್ನೂರು ಜನರೊಳಗಿನ ಕಾರ್ಖಾನೆಯಾದರೆ ಪ್ಲಾಂಟ್ ಹೆಡ್‌ಗೋ ಮಾಲೀಕರಿಗೋ ನೇರವಾಗಿ ಬರೆಯಿರಿ. ದೊಡ್ಡದಾದರೆ ಮೇಂಟೆನೆನ್ಸ್ ಮುಖ್ಯಸ್ಥರಿಗೆ ಬರೆದು ಪ್ರತಿಯನ್ನು ಎಚ್‌ಆರ್‌ಗೆ ಕಳಿಸಿ. ಹೆಸರು ತಿಳಿಯಲು ಸರ್ಕಾರಿ ಐಟಿಐನಲ್ಲಿ ಅಪ್ರೆಂಟಿಸ್ ಅಥವಾ ಪ್ಲೇಸ್‌ಮೆಂಟ್ ನೋಡಿಕೊಳ್ಳುವವರನ್ನು ವಿಚಾರಿಸಿ. ಅಂತರಸನಹಳ್ಳಿ, ಸತ್ಯಮಂಗಲ, ಹಿರೇಹಳ್ಳಿಯಲ್ಲಿರಲಿ, ಕೋಲಾರದ ನರಸಾಪುರ, ವೇಮಗಲ್, ಮಾಲೂರಿನಲ್ಲಿರಲಿ, ಯಾವ ಕಂಪನಿಗೆ ಹುಡುಗರು ಹೋಗುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಅಪ್ರೆಂಟಿಸ್‌ಗಳಿಲ್ಲದ ಕಂಪನಿಗೆ ಈ ಪತ್ರ ಕಳಿಸುವುದು ವ್ಯರ್ಥ.

ತಿಂಗಳ ಕೊನೆಯ ವಾರ ಕಳಿಸಬೇಡಿ. ಆಗ ಎಲ್ಲರ ತಲೆಯಲ್ಲೂ ಡಿಸ್ಪ್ಯಾಚ್ ಒಂದೇ ಇರುತ್ತದೆ. ಮಾರ್ಚ್ ತಿಂಗಳನ್ನು ಪೂರ್ತಿ ಬಿಟ್ಟುಬಿಡಿ. ತಿಂಗಳ 5ರಿಂದ 15ರೊಳಗಿನ ಮಂಗಳವಾರ, ಬುಧವಾರ ಬೆಳಗ್ಗೆ ಒಳ್ಳೆಯದು.

ದೊಡ್ಡ ಕಂಪನಿಗೆ ಇಮೇಲ್‌ನಲ್ಲಿ, ಇಂಗ್ಲಿಷ್‌ನಲ್ಲೇ ಬರೆಯಬೇಕಾಗಬಹುದು, ವಾಕ್ಯಗಳ ಕ್ರಮ ಬದಲಾಗಬೇಕಿಲ್ಲ. ಸ್ಥಳೀಯ ಮಾಲೀಕರಿಗೆ ಕನ್ನಡದಲ್ಲಿ ಬರೆದರೆ ತಪ್ಪೇನಿಲ್ಲ, ವಾಟ್ಸಾಪ್‌ನಲ್ಲಿ ಕಳಿಸಿದರೂ ನಡೆಯುತ್ತದೆ. ಆದರೆ ಪಿಡಿಎಫ್ ಮಾಡಿ ಕಳಿಸಬೇಡಿ. ತೆರೆಯದೆಯೇ ಓದುವಂತೆ ಸಂದೇಶವಾಗಿಯೇ ಬರೆಯಿರಿ.

5. ಪತ್ರ ಬರೆಯುವುದು

ಮೊದಲು, ಸಾಮಾನ್ಯವಾಗಿ ಹೋಗುವ ಪತ್ರ ಹೇಗಿರುತ್ತದೆ ನೋಡಿ:

"ನಾನು 34 ವರ್ಷಗಳ ಸುದೀರ್ಘ ಸೇವೆ ಸಲ್ಲಿಸಿ ನಿವೃತ್ತನಾಗಿದ್ದೇನೆ. ಇಂದಿನ ಯುವಕರಲ್ಲಿ ಶಿಸ್ತು ಮತ್ತು ಮೂಲಜ್ಞಾನದ ಕೊರತೆ ಇರುವುದನ್ನು ಗಮನಿಸಿದ್ದೇನೆ. ನನ್ನ ಅಪಾರ ಅನುಭವವನ್ನು ತಮ್ಮ ಸಂಸ್ಥೆಗೆ ಧಾರೆಯೆರೆಯಲು ಸಿದ್ಧನಿದ್ದೇನೆ. ತಮ್ಮ ಬ್ರೇಕ್‌ಡೌನ್ ಅರ್ಧಕ್ಕೆ ಇಳಿಸಬಲ್ಲೆ. ಸಲಹೆಗಾರನಾಗಿ ಅಥವಾ ಯಾವುದೇ ಸೂಕ್ತ ಹುದ್ದೆಯಲ್ಲಿ, ಸಂಭಾವನೆಯ ಅಪೇಕ್ಷೆಯಿಲ್ಲದೆ ಸೇವೆ ಸಲ್ಲಿಸುವೆ."

ಬರೆದವರ ಮನಸ್ಸು ಒಳ್ಳೆಯದೇ. ಆದರೂ ಪ್ರತಿ ವಾಕ್ಯವೂ ಒಂದೊಂದು ಬಾಗಿಲು ಮುಚ್ಚುತ್ತದೆ. ಹುಡುಗರಲ್ಲಿ ಶಿಸ್ತಿಲ್ಲ ಎಂದರೆ ಅವರನ್ನು ಆರಿಸಿ ತೆಗೆದುಕೊಂಡವರಿಗೇ ಹೇಳಿದಂತೆ. ಕಾರ್ಖಾನೆಯೊಳಗೆ ಕಾಲಿಡುವ ಮುನ್ನವೇ ಬ್ರೇಕ್‌ಡೌನ್ ಅರ್ಧಕ್ಕೆ ಇಳಿಸುತ್ತೇನೆ ಎಂದರೆ ಈಗಿರುವ ಮೇಂಟೆನೆನ್ಸ್ ಮುಖ್ಯಸ್ಥರಿಗೆ ಕೆಲಸ ಬರುವುದಿಲ್ಲ ಎಂದು ಅರ್ಥ. ಈ ಪತ್ರವನ್ನು ಮಾಲೀಕರು ಅಭಿಪ್ರಾಯಕ್ಕಾಗಿ ಕಳಿಸುವುದು ಅವರಿಗೇ! ಅವರು "ಬೇಡ ಸಾರ್, ನಾವೇ ನೋಡ್ಕೊಳ್ತೀವಿ" ಎಂದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಅವರ ಯೋಜನೆಯೊಳಗೆ, ಅವರು ಹೇಳಿದಂತೆ ಕೆಲಸ ಮಾಡುತ್ತೀರಿ ಎಂಬುದು ಪತ್ರದಲ್ಲಿ ಸ್ಪಷ್ಟವಾಗಿ ಇರಲೇಬೇಕು. ಒಂದೇ ವಾಕ್ಯ ಉಳಿಸಿಕೊಳ್ಳಿ ಎಂದರೆ ನಾನು ಅದನ್ನೇ ಉಳಿಸಿಕೊಳ್ಳಲು ಹೇಳುತ್ತೇನೆ.

ಅದನ್ನೇ ಹೀಗೆ ಬರೆಯಬಹುದು:

ವಿಷಯ: ನಿಮ್ಮ ಅಪ್ರೆಂಟಿಸ್‌ಗಳಿಗೆ ಸಿಎನ್‌ಸಿ ದೈನಂದಿನ ತಪಾಸಣೆ ತರಬೇತಿ, ವಾರಕ್ಕೆ ಎರಡು ಅರ್ಧ ದಿನ

ಮಾನ್ಯರೇ,

ನಿಮ್ಮ ಘಟಕದಲ್ಲಿ ಐಟಿಐ ಅಪ್ರೆಂಟಿಸ್‌ಗಳಿದ್ದಾರೆ ಎಂದು ತಿಳಿಯಿತು. ಸಿಎನ್‌ಸಿ ಲೇತ್ ಅಲಾರಂ ಬಂದು ನಿಂತಾಗ, ಸರ್ವೀಸ್ ಎಂಜಿನಿಯರ್‌ರನ್ನು ಕರೆಯುವ ಮುನ್ನ ನೋಡಬೇಕಾದ ಎಣ್ಣೆ, ಗಾಳಿ, ಹೈಡ್ರಾಲಿಕ್ ಮತ್ತು ಬ್ಯಾಟರಿ ತಪಾಸಣೆಯನ್ನು ಆರು ಜನರ ಒಂದು ತಂಡಕ್ಕೆ ಯಂತ್ರದ ಪಕ್ಕದಲ್ಲೇ ಕನ್ನಡದಲ್ಲಿ ಕಲಿಸಬಲ್ಲೆ. ಉದಾಹರಣೆಗೆ, ಎನ್‌ಕೋಡರ್ ಬ್ಯಾಟರಿಯನ್ನು ಪವರ್ ಇರುವಾಗಲೇ ಏಕೆ ಬದಲಿಸಬೇಕು, ಆಗ ಏನೇನು ಮುಟ್ಟಬಾರದು ಎಂಬುದು ಇದರಲ್ಲಿ ಸೇರಿದೆ.

ಮೆಷಿನ್ ಟೂಲ್ ಮೇಂಟೆನೆನ್ಸ್‌ನಲ್ಲಿ 34 ವರ್ಷ ಕೆಲಸ ಮಾಡಿ ಫೋರ್‌ಮನ್ ಆಗಿ ನಿವೃತ್ತನಾಗಿದ್ದೇನೆ. ವಾಸ ತುಮಕೂರಿನಲ್ಲೇ.

ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ 9.30ರಿಂದ 1ರವರೆಗೆ, 12 ವಾರ ಬರಬಲ್ಲೆ. ದಿನ, ಯಂತ್ರ, ಹುಡುಗರು ಎಲ್ಲವನ್ನೂ ನಿಮ್ಮ ಮೇಂಟೆನೆನ್ಸ್ ಮುಖ್ಯಸ್ಥರೇ ನಿರ್ಧರಿಸಲಿ. ಅವರ ಪದ್ಧತಿಯಂತೆಯೇ ಕಲಿಸುತ್ತೇನೆ. ಶುಲ್ಕ ಅರ್ಧ ದಿನಕ್ಕೆ 1,500 ರೂಪಾಯಿ. ನಾಲ್ಕು ವಾರದ ನಂತರ ಬೇಡವೆನಿಸಿದರೆ ಅಲ್ಲಿಗೆ ನಿಲ್ಲಿಸಬಹುದು.

ಮುಂದಿನ ವಾರ ಹದಿನೈದು ನಿಮಿಷ ಬಂದು ಕಾಣಲು ಅನುಕೂಲವಾಗುವ ದಿನ ತಿಳಿಸುವಿರಾ?

(ಹೆಸರು, ಊರು, ಮೊಬೈಲ್ ಸಂಖ್ಯೆ)

ಇಷ್ಟೇ. ಮೊಬೈಲ್‌ನಲ್ಲಿ ಒಂದೆರಡು ಸಲ ಬೆರಳು ಸರಿಸಿದರೆ ಮುಗಿಯುತ್ತದೆ. ಇನ್ನೂ ಏನಾದರೂ ಸೇರಿಸಬೇಕು ಎನಿಸಿದರೆ, ಒಂದನ್ನು ತೆಗೆದು ಇನ್ನೊಂದನ್ನು ಸೇರಿಸಿ.

ಅನುಭವ ಎರಡನೇ ಪ್ಯಾರಾಕ್ಕೆ ಹೋಗಿದೆ ಎಂಬುದನ್ನು ಗಮನಿಸಿ. ಓದುವವರಿಗೆ ಮೊದಲು ತಮ್ಮ ಹುಡುಗರು, ತಮ್ಮ ಯಂತ್ರ ಕಾಣಬೇಕು. ಸಮಯವೂ ಯೋಚಿಸಿ ಹಾಕಿದ್ದು. ಬೆಳಗ್ಗೆ 6, ಮಧ್ಯಾಹ್ನ 2 ಗಂಟೆಗೆ ಶಿಫ್ಟ್ ಬದಲಾಗುವ ಕಡೆ ಆ ಹೊತ್ತಿನ ಗದ್ದಲದಲ್ಲಿ ಕಲಿಸಲು ಆಗುವುದಿಲ್ಲ. "ಕನ್ನಡದಲ್ಲಿ" ಎಂಬ ಪದವನ್ನು ಬಿಡಬೇಡಿ. ಕೈಪಿಡಿ ಇಂಗ್ಲಿಷ್‌ನಲ್ಲಿದೆ, ಹುಡುಗನಿಗೆ ಅಡ್ಡಿಯಾಗಿರುವುದು ಬಹಳಷ್ಟು ಸಲ ಅದೇ. ಮಾಲೂರು, ಗೌರಿಬಿದನೂರು, ಪಾವಗಡ ಕಡೆಯವರಾಗಿ ನಿಮಗೆ ತೆಲುಗು ಬರುವುದಾದರೆ ಅದನ್ನೂ ಬರೆಯಿರಿ.

6. ದುಡ್ಡಿನ ಮಾತು

ಶುಲ್ಕವನ್ನು ಮೊದಲ ಪತ್ರದಲ್ಲಿ ಬರೆಯಬೇಕೇ ಎಂದು ಹಲವರು ಹಿಂಜರಿಯುತ್ತಾರೆ. ಬರೆಯಬೇಕು. ಖರ್ಚು ಎಷ್ಟೆಂದು ಗೊತ್ತಿಲ್ಲದ ವಿಷಯವನ್ನು ಯಾವ ಪ್ಲಾಂಟ್ ಹೆಡ್ ಕೂಡ ಆಮೇಲೆ ನೋಡೋಣ ಎಂದು ಪಕ್ಕಕ್ಕಿಡುತ್ತಾರೆ. ಮೇಲಿನ ಲೆಕ್ಕದಲ್ಲಿ 24 ಅರ್ಧ ದಿನಕ್ಕೆ 36,000 ರೂಪಾಯಿ. 1,500 ಎಂಬುದು ಉದಾಹರಣೆಗೆ ಇಟ್ಟ ಅಂಕಿ. ನಿಮ್ಮ ವೃತ್ತಿ, ಓಡಾಟದ ಖರ್ಚು ನೋಡಿ ನಿಮ್ಮದನ್ನು ಹಾಕಿಕೊಳ್ಳಿ.

ಉಚಿತವಾಗಿ ಬರುತ್ತೇನೆ ಎನ್ನಬೇಡಿ. ಖರ್ಚಿಲ್ಲದ ತರಗತಿಯನ್ನು ಉತ್ಪಾದನೆಯ ಒತ್ತಡ ಬಂದ ದಿನ ಮೊದಲು ರದ್ದು ಮಾಡುತ್ತಾರೆ. ನೀವು ಶಿರಾ ರಸ್ತೆಯಲ್ಲಿ ಅಷ್ಟು ದೂರ ಹೋಗಿ ಗೇಟಿನಲ್ಲಿ ಕಾದು ಬರಬೇಕಾಗುತ್ತದೆ. ಉಚಿತವಾಗಿ ಕಲಿಸುವ ಆಸೆಯಿದ್ದರೆ ಸರ್ಕಾರಿ ಐಟಿಐಗೆ ಹೋಗಿ ಕೇಳಿ, ಅಲ್ಲಿ ಅದಕ್ಕೆ ಅರ್ಥವಿದೆ.

ಶುಲ್ಕ ವೃತ್ತಿಪರ ಶುಲ್ಕದ ಲೆಕ್ಕಕ್ಕೆ ಹೋದರೆ, ಒಂದು ಕಂಪನಿ ವರ್ಷಕ್ಕೆ 50,000 ರೂಪಾಯಿ ಮೀರಿ ಕೊಟ್ಟಾಗ ನೂರಕ್ಕೆ 10ರಷ್ಟು ಟಿಡಿಎಸ್ ಹಿಡಿಯುತ್ತದೆ. ಟಿಡಿಎಸ್ ಎಂದರೆ ಕೊಡುವಾಗಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ. ಈ ಮಿತಿ 2025ರ ಏಪ್ರಿಲ್‌ಗೆ ಮುನ್ನ 30,000 ಇತ್ತು. ನಮ್ಮ ಉದಾಹರಣೆಯ 36,000ಕ್ಕೆ ಹಿಡಿತವಿಲ್ಲ. ಅದೇ ವರ್ಷ ಇನ್ನೊಂದು ತಂಡಕ್ಕೂ ಕಲಿಸಿದರೆ 72,000 ಆಗುತ್ತದೆ, ಆಗ ಹಿಡಿಯುತ್ತಾರೆ. ಒಟ್ಟು ಆದಾಯಕ್ಕೆ ತೆರಿಗೆ ಬರದಿದ್ದರೆ ರಿಟರ್ನ್ ಸಲ್ಲಿಸಿ ಆ ಹಣ ವಾಪಸ್ ಪಡೆಯಬಹುದು. ಪ್ಯಾನ್ ಸಂಖ್ಯೆಯನ್ನು ಮೊದಲ ದಿನವೇ ಕೊಡಿ, ಇಲ್ಲವಾದರೆ ಹಿಡಿಯುವ ದರ ನೂರಕ್ಕೆ 20 ಆಗುತ್ತದೆ.

ಕೇಂದ್ರ ಸರ್ಕಾರದ ಗ್ರೂಪ್ ಎ ಅಧಿಕಾರಿಯಾಗಿ ನಿವೃತ್ತರಾದವರು ಒಂದು ವರ್ಷದೊಳಗೆ ಖಾಸಗಿ ಕೆಲಸಕ್ಕೆ ಹೋಗುವುದಾದರೆ ಮುಂಚೆ ಅನುಮತಿ ಪಡೆಯಬೇಕು. ಬೇರೆಯವರೂ ನಿವೃತ್ತಿಯ ಕಾಗದಗಳಲ್ಲಿ ಇಂಥ ಷರತ್ತು ಇದೆಯೇ ಎಂದು ಪತ್ರ ಕಳಿಸುವ ಮೊದಲೇ ಓದಿಕೊಳ್ಳಿ.

7. ಕಳಿಸಿದ ಮೇಲೆ

ಹತ್ತು ದಿನ ಬಿಟ್ಟು ಒಂದು ಸಲ ಫೋನ್ ಮಾಡಿ, ಬೆಳಗಿನ ಮೀಟಿಂಗ್ ಮುಗಿದ ಮೇಲೆ, ಹನ್ನೊಂದರ ನಂತರ. "ಪತ್ರ ತಲುಪಿತೇ ಸಾರ್, ಹದಿನೈದು ನಿಮಿಷ ಸಿಗಬಹುದೇ?" ಎಂದು ಕೇಳಿದರೆ ಸಾಕು. ಮತ್ತೂ ಉತ್ತರ ಬರದಿದ್ದರೆ ಅಲ್ಲಿಗೆ ಬಿಡಿ, ಮೂರು ತಿಂಗಳ ನಂತರ ಹೊಸ ಅಪ್ರೆಂಟಿಸ್‌ಗಳು ಬಂದರೇ ಎಂದು ವಿಚಾರಿಸಿ ಮತ್ತೆ ಬರೆಯಬಹುದು.

ಕರೆದರೆ ಸೇಫ್ಟಿ ಶೂ ಹಾಕಿಕೊಂಡು ಹೋಗಿ. ಯಂತ್ರ ಕಂಡ ಕೂಡಲೇ ಕೈ ಹಾಕಬೇಡಿ, ಯಾರ ತಪ್ಪನ್ನೂ ಎತ್ತಿ ತೋರಿಸಬೇಡಿ. ಹಿಂದಿನ ಮೂರು ತಿಂಗಳ ಬ್ರೇಕ್‌ಡೌನ್ ರಿಜಿಸ್ಟರ್ ನೋಡಬಹುದೇ ಎಂದು ಮೇಂಟೆನೆನ್ಸ್ ಮುಖ್ಯಸ್ಥರನ್ನು ಕೇಳಿ. ಯಾವ ಯಂತ್ರ, ಯಾವ ಅಲಾರಂ, ಎಷ್ಟು ಹೊತ್ತು ನಿಂತಿತು ಎಂಬುದೆಲ್ಲ ಅದರಲ್ಲಿರುತ್ತದೆ. ಅತಿ ಹೆಚ್ಚು ಸಲ ಬಂದಿರುವ ಅಲಾರಂನಿಂದಲೇ ಪಾಠ ಶುರು ಮಾಡುತ್ತೇನೆ ಎನ್ನಿ. ಪತ್ರದಲ್ಲಿ ಬ್ಯಾಟರಿ ಎಂದು ಬರೆದಿದ್ದರೂ ಅವರಲ್ಲಿ ಹೆಚ್ಚು ಇರುವುದು ಗಾಳಿಯ ಒತ್ತಡದ್ದಾದರೆ ಅದನ್ನೇ ಮೊದಲು ಹಿಡಿಯಬೇಕು.

ಒಪ್ಪಿಕೊಂಡರೆ ದಿನ, ಸಮಯ, ಶುಲ್ಕ, ಯಾರ ಕೆಳಗೆ ಎಂಬುದನ್ನು ಎರಡು ಸಾಲಿನ ಇಮೇಲ್‌ನಲ್ಲಾದರೂ ಬರೆಸಿಕೊಳ್ಳಿ. ಒಳಗೆ ಏನಾದರೂ ಪೆಟ್ಟಾದರೆ ಖರ್ಚು ಯಾರದು ಎಂದೂ ಕೇಳಿ. ನೀವು ಅವರ ನೌಕರರಲ್ಲದ ಕಾರಣ ಇಎಸ್‌ಐ ನಿಮಗೆ ಅನ್ವಯಿಸುವುದಿಲ್ಲ, ಹಾಗಾಗಿ ಸ್ವಂತ ಅಪಘಾತ ವಿಮೆ ಮಾಡಿಸಿಕೊಂಡೇ ಗೇಟ್ ದಾಟುವುದು ಒಳ್ಳೆಯದು.

ನಾಲ್ಕನೇ ವಾರದ ಕೊನೆಗೆ ನೀವಾಗಿಯೇ ಮುಖ್ಯಸ್ಥರ ಮುಂದೆ ರಿಜಿಸ್ಟರ್ ತೆರೆದು ಕೂರಿ. ಆ ಒಂದು ತಿಂಗಳಲ್ಲಿ ಬಂದ ಅಲಾರಂಗಳಲ್ಲಿ ಎಷ್ಟನ್ನು ಹುಡುಗರೇ ನೋಡಿ ಸರಿಮಾಡಿದರು, ಎಷ್ಟಕ್ಕೆ ಹೊರಗೆ ಫೋನ್ ಹೋಯಿತು ಎಂದು ಇಬ್ಬರೂ ಸೇರಿ ಎಣಿಸಿ. ಮುಂದಿನ ಎಂಟು ವಾರದ ಮಾತನ್ನು ಆ ಎಣಿಕೆ ಮುಗಿದ ಮೇಲೆ ಎತ್ತಿ.